ಹಂದಿ ಹನ್ನೊಂದು ಮರಿ ಹಾಕಿತ್ತು, ಮೂರನೇ ದಿನಕ್ಕೆ ಆರೇ ಉಳಿದಿವೆ. ತಾಯಿಯೇ ತಿನ್ನುತ್ತಿದೆಯಾ?

ಜಗಳೂರು_ಹುಡುಗ | ಡಿಸೆಂಬರ್ 8, ಬೆಳಿಗ್ಗೆ 6:50

ಎಲ್ಲರಿಗೂ ನಮಸ್ಕಾರ. ನಮ್ಮದು ಜಗಳೂರು ತಾಲ್ಲೂಕು. ಎರಡು ಹೆಣ್ಣು ಹಂದಿ ಸಾಕಿದ್ದೇನೆ, ಎರಡೂ ಬಿಳಿ ಯಾರ್ಕ್‌ಷೈರ್. ಒಂದು ಇದೇ 5ನೇ ತಾರೀಖು ಸಂಜೆ ಏಳಕ್ಕೆ ಈಯಲು ಶುರು ಮಾಡಿ ರಾತ್ರಿ ಹನ್ನೊಂದಕ್ಕೆ ಮುಗಿಸಿತು. ಚೊಚ್ಚಲು. ಹನ್ನೊಂದು ಮರಿ. ಕೊನೆಯದು ಸತ್ತೇ ಹುಟ್ಟಿತು, ಹತ್ತು ಚೆನ್ನಾಗಿದ್ದವು. ಮನೆಯವರೆಲ್ಲ ಖುಷಿಯಾಗಿ ಮಲಗಿದೆವು.

ಬೆಳಿಗ್ಗೆ ನೋಡಿದರೆ ಎರಡು ಸತ್ತಿದ್ದವು. ಮರುದಿನ ಮೂಲೆಯಲ್ಲಿ ಒಂದು. ಇವತ್ತು ಬೆಳಿಗ್ಗೆ ಇನ್ನೊಂದು, ಅದರ ಹಿಂಗಾಲು ಕಚ್ಚಿದ ಹಾಗಿದೆ. ಈಗ ಆರೇ ಇವೆ. ಪಕ್ಕದ ಮನೆಯವರು "ಇದು ಮರಿ ತಿನ್ನುವ ಹಂದಿ, ಕಟುಕರಿಗೆ ಕೊಟ್ಟುಬಿಡು" ಅನ್ನುತ್ತಾರೆ. ನಿಜವಾ? ಇನ್ನೊಂದು ಹಂದಿಯೂ ಇದೇ ತಿಂಗಳು ಈಯಬೇಕು. ಕೈಕಾಲು ಆಡುತ್ತಿಲ್ಲ.

ಹರಿಹರ_ರಸ್ತೆ | 7:15

ಹಾಲಿಲ್ಲ ತಮ್ಮಾ, ಅಷ್ಟೇ ವಿಷಯ. ಚೊಚ್ಚಲಿಗೆ ಹಾಲು ಇಳಿಯುವುದಿಲ್ಲ. ಆಕ್ಸಿಟೋಸಿನ್ ಒಂದು ಇಂಜೆಕ್ಷನ್ ಹಾಕಿಸು, ಸರಸರ ಇಳಿಯುತ್ತೆ. ಇವತ್ತಿನಿಂದಲೇ ಹೊಟ್ಟೆ ತುಂಬ ಮೇವು ಹಾಕು, ಐದು ಕೆಜಿ ಆದರೂ ತಿನ್ನಲಿ. ನಾನು ಹಾಗೇ ಮಾಡೋದು. ಇನ್ನೊಂದಕ್ಕೆ ಈಯುವ ದಿನವೇ ಇಂಜೆಕ್ಷನ್ ಹಾಕಿಸಿಬಿಡು, ಬೇಗ ಮುಗಿಯುತ್ತೆ.

ಹೊಸದುರ್ಗ_ತೆಂಗು | 7:40

ಹಂದಿ ಕಾಟ ನಮ್ಮ ಕಡೆಯೂ ಜಾಸ್ತಿ ಆಗಿದೆ ಸ್ವಾಮಿ. ಒಂದೇ ರಾತ್ರಿಗೆ ಅರ್ಧ ಎಕರೆ ಮೆಕ್ಕೆಜೋಳ ಮಲಗಿಸಿ ಹೋಗಿವೆ. ಸೋಲಾರ್ ಬೇಲಿ ಹಾಕಿದವರು ಯಾರಾದರೂ ಇದ್ದರೆ ಹೇಳಿ.

ಜಗಳೂರು_ಹುಡುಗ | 7:44

ಅಣ್ಣಾ, ಇದು ಸಾಕಿದ ಹಂದಿ. ಕಾಡುಹಂದಿ ಅಲ್ಲ.

ಹೊಸದುರ್ಗ_ತೆಂಗು | 7:52

ಓ. ತಲೆಬರಹ ನೋಡಿ ಬಂದೆ. ಇರಲಿ ಬಿಡಿ, ಬೇಲಿ ಗೊತ್ತಿದ್ದವರು ಬೇರೆ ಕಡೆ ಹೇಳಿ.

ವೇದಾವತಿ_ಅಕ್ಕ | 8:30

ತಮ್ಮಾ, ಹಂದಿ ಮಾರುವ ಮಾತು ಆಮೇಲೆ. ಮೊದಲು ನಾನು ಕೇಳಿದ್ದಕ್ಕೆ ಉತ್ತರ ಕೊಡು.

ಸತ್ತೇ ಹುಟ್ಟಿತು ಅಂದೆಯಲ್ಲ, ಅದರ ಗೊರಸಿನ ತುದಿ ನೋಡಿದೆಯಾ? ಮೆತ್ತಗೆ ಬಿಳಿ ಬೆರಳಿನ ಹಾಗೆ ಇತ್ತಾ, ಇಲ್ಲ ಗಟ್ಟಿಯಾಗಿ ಉಜ್ಜಿದ ಹಾಗೆ ಇತ್ತಾ? ಉಳಿದವು ಸತ್ತಿದ್ದು ಎಲ್ಲಿ, ತಾಯಿ ಮಲಗುವ ಜಾಗದಲ್ಲಾ, ಗೋಡೆ ಪಕ್ಕದಲ್ಲಾ? ಇವತ್ತು ಸತ್ತಿದ್ದನ್ನು ಹೂತೆಯಾ? ಹೂಳದಿದ್ದರೆ ಹೂಳಬೇಡ, ಇಟ್ಟಿರು. ಶೆಡ್ ಹೇಗಿದೆ, ರಾತ್ರಿ ಬೆಳಕಿಗೆ ಏನು ಹಾಕಿದ್ದೀ, ತಾಯಿಗೆ ಏನು ತಿನ್ನಿಸುತ್ತಿದ್ದೀ, ಎಲ್ಲ ಬರೆ. ತಾಯಿ ಮೇವು ತಿನ್ನುತ್ತಿದೆಯಾ, ಮೈ ಸುಡುತ್ತಿದೆಯಾ?

ಜಗಳೂರು_ಹುಡುಗ | 9:05

ಅಕ್ಕಾ, ಹೇಳುತ್ತೇನೆ. ಸತ್ತೇ ಹುಟ್ಟಿದ್ದರ ಗೊರಸು ಮೆತ್ತಗೆ ಇತ್ತು, ಕೆಳಗೆ ರಬ್ಬರ್ ತರಹ ಬಿಳಿ ಕುಚ್ಚು. ಅದು ಹುಟ್ಟುವ ಮುಂಚೆ ಮುಕ್ಕಾಲು ಗಂಟೆ ಸುಮ್ನೆ ಇತ್ತು ಹಂದಿ.

ಮೊದಲ ರಾತ್ರಿಯ ಎರಡೂ ತಾಯಿ ಬೆನ್ನಿನ ಹತ್ತಿರ, ಗೋಡೆ ಪಕ್ಕದಲ್ಲಿ ಇದ್ದವು. ಚಪ್ಪಟೆ ಆದ ಹಾಗೆ, ನಾಲಿಗೆ ಹೊರಗೆ. ಮೂಲೆಯಲ್ಲಿ ಸತ್ತದ್ದು ತುಂಬ ಸಣ್ಣದು, ಚರ್ಮ ಸುಕ್ಕುಗಟ್ಟಿತ್ತು. ಇವತ್ತಿನದು ತಾಯಿ ಹೊಟ್ಟೆ ಕೆಳಗಿನಿಂದ ಎಳೆದೆ. ಚೀಲದಲ್ಲಿ ಸುತ್ತಿಟ್ಟಿದ್ದೇನೆ.

ಶೆಡ್ ಹತ್ತು ಅಡಿಗೆ ಹನ್ನೆರಡು. ನೆಲ ಸಿಮೆಂಟು, ನೈಸಾಗಿ ಮಾಡಿಸಿದ್ದೇನೆ ತೊಳೆಯಲು ಸುಲಭ ಅಂತ. ಗೋಡೆ ನಾಲ್ಕಡಿ, ಮೇಲೆ ತಗಡು, ನಡುವೆ ಜಾಲರಿ. ಮೂಡಣ ಗಾಳಿ ನೇರ ಒಳಗೆ ಬರುತ್ತೆ. ಒಂದು ಒಂಬತ್ತು ವ್ಯಾಟ್ ಎಲ್‌ಇಡಿ ಬಲ್ಬು ಹಾಕಿದ್ದೇನೆ ಮರಿಗಳಿಗೆ ಬೆಚ್ಚಗೆ ಇರಲಿ ಅಂತ. ದಾವಣಗೆರೆಯ ಹೋಟೆಲ್‌ನಿಂದ ಮುಸುರೆ ತರುತ್ತೇನೆ, ಜೊತೆಗೆ ಮೆಕ್ಕೆಜೋಳದ ನುಚ್ಚು. ತಾಯಿ ತಿನ್ನುತ್ತಿದೆ, ಸ್ವಲ್ಪ ಕಡಿಮೆ. ಮೈ ಮುಟ್ಟಿದರೆ ಜ್ವರ ಅನ್ನಿಸುವುದಿಲ್ಲ.

ವೇದಾವತಿ_ಅಕ್ಕ | 9:40

ಸರಿ. ಆ ಚೀಲದಲ್ಲಿ ಇರುವುದನ್ನು ಶೆಡ್‌ನಿಂದ ದೂರ ತಗೊಂಡು ಹೋಗು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೋ. ಹೊಸ ಬ್ಲೇಡಿನಿಂದ ಹೊಟ್ಟೆ ಸೀಳಿ ಎಡಗಡೆ ಪಕ್ಕೆಲುಬಿನ ಕೆಳಗೆ ಇರುವ ಹೊಟ್ಟೆಚೀಲ ಬಿಡಿಸು. ಒಳಗೆ ಬಿಳಿ ಗಟ್ಟಿ ಮೊಸರಿನ ಹಾಗೆ ಹಾಲು ಇದೆಯಾ, ಖಾಲಿ ಇದೆಯಾ, ಅಷ್ಟು ಹೇಳು. ಆಮೇಲೆ ಮೂರಡಿ ಆಳಕ್ಕೆ ಸುಣ್ಣ ಹಾಕಿ ಹೂಳು, ನಾಯಿ ಕೆದರಬಾರದು. ಕೈ ಸೋಪಿನಿಂದ ತೊಳೆ.

ಜಗಳೂರು_ಹುಡುಗ | 10:25

ಮಾಡಿದೆ. ಅಮ್ಮ ಬೈದರು. ಹೊಟ್ಟೆಚೀಲ ಖಾಲಿ ಅಕ್ಕಾ. ಮಡಿಸಿದ ಬಲೂನಿನ ಹಾಗೆ ಇತ್ತು, ಸ್ವಲ್ಪ ಹಳದಿ ನೀರು ಬಿಟ್ಟರೆ ಏನೂ ಇಲ್ಲ. ಎದೆ ಪಕ್ಕೆಲುಬು ಎರಡು ಮುರಿದಿದ್ದವು, ಒಳಗೆ ರಕ್ತ ಹೆಪ್ಪುಗಟ್ಟಿತ್ತು.

ವೇದಾವತಿ_ಅಕ್ಕ | 11:10

ಹಂಗಾದರೆ ನಿನ್ನ ಹಂದಿ ಮರಿ ತಿಂದಿಲ್ಲ. ಒತ್ತಿ ಸಾಯಿಸಿದೆ. ಅದೂ ಬೇಕಂತ ಅಲ್ಲ. ಸತ್ತ ಮೇಲೆ ಕಾಲು ಕಚ್ಚಿರಬಹುದು, ಸತ್ತ ಮರಿ ಬಿದ್ದಿದ್ದರೆ ಯಾವ ಹಂದಿಯೂ ಮೂತಿ ಹಾಕುತ್ತೆ. ಕೊಲ್ಲುವ ಹಂದಿ ಬೇರೆ. ಅದು ಈಯುವಾಗಲೇ ಎದ್ದೆದ್ದು ಮುಖದ ಮುಂದೆ ಬಂದ ಮರಿಯನ್ನು ಗುರಾಯಿಸಿ ಕಚ್ಚುತ್ತೆ. ಚೊಚ್ಚಲಲ್ಲಿ ಅದೂ ನಡೆಯುತ್ತೆ. ಅಂಥದ್ದಾದರೆ ಹುಟ್ಟಿದ ಹಾಗೇ ಮರಿಗಳನ್ನು ಬುಟ್ಟಿಗೆ ಹಾಕಿ ಬೇರೆ ಇಟ್ಟು, ಈದು ಮುಗಿದು ತಾಯಿ ತಣ್ಣಗಾದ ಮೇಲೆ ಬಿಡಬೇಕು.

ಸತ್ತೇ ಹುಟ್ಟಿದ್ದರ ಲೆಕ್ಕ ಬಿಡು. ಗೊರಸು ಮೆತ್ತಗೆ ಇತ್ತು ಅಂದರೆ ಅದು ನೆಲದ ಮೇಲೆ ಒಂದು ಹೆಜ್ಜೆಯೂ ಇಟ್ಟಿಲ್ಲ, ಒಳಗೇ ಹೋಗಿದೆ. ಮುಕ್ಕಾಲು ಗಂಟೆ ತಡ ಆಗಿದ್ದಕ್ಕೆ ಉಸಿರು ಕಟ್ಟಿರಬೇಕು. ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷಕ್ಕೊಂದು ಬರುತ್ತೆ.

ಈಗ ಉಳಿದ ನಾಲ್ಕು. ಮೂರು ಒತ್ತಿ ಸತ್ತಿವೆ, ಒಂದು ಸೊರಗಿ ಸತ್ತಿದೆ. ಲೆಕ್ಕಕ್ಕೆ ಹಾಗೆ ಬರೆಯಬಹುದು. ಆದರೆ ಒತ್ತಿ ಸತ್ತದ್ದರ ಹೊಟ್ಟೆಯೂ ಖಾಲಿ ಇತ್ತಲ್ಲ, ಅಲ್ಲೇ ಇರೋದು ವಿಷಯ. ಹೊಟ್ಟೆ ತುಂಬಿ ಬೆಚ್ಚಗಿರುವ ಮರಿ ತಾಯಿ ಮಲಗುವಾಗ ಚಂಗನೆ ಪಕ್ಕಕ್ಕೆ ಹಾರುತ್ತೆ. ಚಳಿ ಹತ್ತಿ ಸೊಪ್ಪಾದ ಮರಿ ಏಳಲ್ಲ. ಅದಕ್ಕೆ ಬಿಸಿ ಸಿಗುವ ಜಾಗ ಅಂದರೆ ತಾಯಿ ಮೈ ಒಂದೇ. ಅಲ್ಲೇ ಅಂಟಿಕೊಂಡು ಮಲಗುತ್ತೆ. ನೂರೈವತ್ತು ಕೆಜಿ ಮೈ ಮೇಲೆ ಬಿದ್ದರೆ ಇನ್ನೇನು.

ಹುಟ್ಟಿದ ಮರಿಗೆ ಮೈಮೇಲೆ ಕೊಬ್ಬೂ ಇಲ್ಲ, ಕೂದಲೂ ಇಲ್ಲ. ಮೊದಲ ಮೂರು ದಿನ ಅದಕ್ಕೆ ಮೂವತ್ತೆರಡು, ಮೂವತ್ತನಾಲ್ಕು ಡಿಗ್ರಿ ಬೇಕು. ತಾಯಿಗೆ ಇಪ್ಪತ್ತರ ಆಸುಪಾಸು ಹಿತ. ಈ ಡಿಸೆಂಬರ್‌ನಲ್ಲಿ ನಮ್ಮ ಬಯಲುಸೀಮೆಯಲ್ಲಿ ಬೆಳಗಿನ ಜಾವ ಹದಿನೈದಕ್ಕೆ ಇಳಿಯುತ್ತೆ. ಅದರ ಮೇಲೆ ಸಿಮೆಂಟ್ ನೆಲ, ಮೂಡಣ ಗಾಳಿ. ನಿನ್ನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತೆ, ಬಿಸಿ ಕೊಡಲ್ಲ. ಅದರ ಕೆಳಗೆ ಕೈ ಹಿಡಿದು ನೋಡು.

ಉಳಿದ ಆರಕ್ಕೆ ಇವತ್ತೇ ವ್ಯವಸ್ಥೆ ಮಾಡು. ಹೇಗೆ ಅಂತ ಮಧ್ಯಾಹ್ನ ಬರೆಯುತ್ತೇನೆ, ನನ್ನ ಹಂದಿಗಳು ಕಿರುಚುತ್ತಿವೆ.

ಹರಿಹರ_ರಸ್ತೆ | 11:30

ಹೊಟ್ಟೆ ಖಾಲಿ ಇತ್ತು ಅಂದರೆ ಹಾಲಿಲ್ಲ ಅಂತಲೇ ಅಲ್ವಾ? ನಾನು ಹೇಳಿದ್ದೂ ಅದೇ.

ರಿಟೈರ್ಡ್_ಇನ್ಸ್‌ಪೆಕ್ಟ್ರು | 12:05

ಅರ್ಧ ಸರಿ. ಹಾಲು ಇಲ್ಲದೆಯೂ ಹೊಟ್ಟೆ ಖಾಲಿ ಇರುತ್ತದೆ, ಹಾಲು ಇದ್ದೂ ಮರಿಗೆ ಎದ್ದು ಕುಡಿಯುವ ಶಕ್ತಿ ಇಲ್ಲದಿದ್ದರೂ ಖಾಲಿ ಇರುತ್ತದೆ. ಉಳಿದ ಆರೂ ಗುಂಡಗೆ ಇದ್ದರೆ ಹಾಲಿದೆ ಅಂತ ಲೆಕ್ಕ. ತಾಯಿಗೆ ಹಾಲೇ ಇಲ್ಲದಿದ್ದರೆ ಅಷ್ಟೂ ಒಟ್ಟಿಗೆ ಸೊರಗುತ್ತವೆ, ದಿನವಿಡೀ ಕಿರುಚುತ್ತವೆ.

ಜಗಳೂರಿನವರೇ, ಕೈಯಿಂದ ಮುಟ್ಟಿ ಜ್ವರ ನೋಡಬೇಡಿ. ಮೆಡಿಕಲ್ ಶಾಪಿನ ಥರ್ಮಾಮೀಟರ್ ಗುದದಲ್ಲಿ ಇಟ್ಟು ನೋಡಿ. ಈದ ಹಂದಿಗೆ ಮೂವತ್ತೊಂಬತ್ತರ ಸುತ್ತ ಇದ್ದರೆ ಚಿಂತೆ ಇಲ್ಲ. ನಲವತ್ತು ದಾಟಿದರೆ, ಕೆಚ್ಚಲು ಗಟ್ಟಿಯಾಗಿ ಬಿಸಿಯಾಗಿದ್ದರೆ, ಹೊಟ್ಟೆ ಕೆಳಗೆ ಹಾಕಿ ಮಲಗಿ ಮರಿಗೆ ಮೊಲೆ ಕೊಡದಿದ್ದರೆ, ಅವತ್ತೇ ಡಾಕ್ಟರ್ ಬೇಕು. ಆಗ ಆಕ್ಸಿಟೋಸಿನ್ ಜೊತೆಗೆ ಜ್ವರ ಮತ್ತು ಸೋಂಕಿನ ಔಷಧಿಯೂ ಕೊಡುತ್ತಾರೆ.

ಈಯುವ ದಿನವೇ ಸುಮ್ಮನೆ ಆಕ್ಸಿಟೋಸಿನ್ ಹಾಕಿಸಿ ಅನ್ನುವುದು ದೊಡ್ಡ ತಪ್ಪು. ಗರ್ಭದ ಬಾಯಿ ತೆರೆದಿರದಿದ್ದರೆ ಅಥವಾ ಮರಿ ಅಡ್ಡ ಸಿಕ್ಕಿಕೊಂಡಿದ್ದರೆ ಗರ್ಭಕೋಶ ಒತ್ತುತ್ತದೆ, ಮರಿ ಹೊರಗೆ ಬರಲು ದಾರಿ ಇರುವುದಿಲ್ಲ. ಮರಿ ಸಾಯುತ್ತವೆ, ಗರ್ಭಕೋಶ ಹರಿದ ಹಂದಿಯನ್ನೂ ನಾನು ನೋಡಿದ್ದೇನೆ. ಎಣ್ಣೆ ಹಚ್ಚಿದ ಕೈ ಒಳಗೆ ಹಾಕಿ ದಾರಿ ಖಾಲಿ ಇದೆ ಅಂತ ಖಚಿತ ಆದ ಮೇಲೆ ಮಾತ್ರ ಡಾಕ್ಟರು ಹಾಕುತ್ತಾರೆ.

ಹರಿಹರ_ರಸ್ತೆ | 12:20

ನಾನು ಮೂರು ಸಲ ಹಾಕಿಸಿದ್ದೇನೆ ಸರ್, ಏನೂ ಆಗಿಲ್ಲ.

ರಿಟೈರ್ಡ್_ಇನ್ಸ್‌ಪೆಕ್ಟ್ರು | 12:24

ಮೂರು ಸಲವೂ ಬಾಯಿ ತೆರೆದಿತ್ತು. ನಿಮ್ಮ ಅದೃಷ್ಟ.

ವೇದಾವತಿ_ಅಕ್ಕ | ಮಧ್ಯಾಹ್ನ 2:15

ಬಂದೆ. ಇವತ್ತು ರಾತ್ರಿಯೊಳಗೆ ಮಾಡಬೇಕಾದ್ದು ಹೇಳುತ್ತೇನೆ.

ಶೆಡ್‌ನಲ್ಲಿ ಗಾಳಿ ಬಾರದ ಒಂದು ಮೂಲೆ ನೋಡು. ಅಲ್ಲಿ ನಾಲ್ಕಡಿ ಉದ್ದ, ಎರಡಡಿ ಅಗಲದ ಪೆಟ್ಟಿಗೆ ಮಾಡು. ಎರಡು ಕಡೆ ನಿನ್ನ ಗೋಡೆಯೇ ಇದೆ, ಇನ್ನೆರಡು ಕಡೆ ಹಲಗೆ. ಎತ್ತರ ಮೂರೂವರೆ ಅಡಿ. ಮೇಲೆ ಪ್ಲೈವುಡ್ ಮುಚ್ಚಳ, ಎತ್ತಲು ಬರಬೇಕು. ಮುಚ್ಚಳ ಇಲ್ಲದಿದ್ದರೆ ಬಿಸಿಯೆಲ್ಲ ತಗಡಿಗೆ ಹೋಗುತ್ತೆ, ಬಲ್ಬು ಎಷ್ಟು ಹಾಕಿದರೂ ಅಷ್ಟೇ. ಮುಂದೆ ಒಂದಡಿ ಅಗಲದ ಕಿಂಡಿ ಬಿಡು, ಮರಿ ನುಗ್ಗುವಷ್ಟು, ತಾಯಿ ಒಳಗೆ ನುಗ್ಗಲಾಗದಷ್ಟು. ಹಲಗೆಯನ್ನು ಗೋಡೆಗೆ ಬಿಗಿಯಾಗಿ ಕಟ್ಟು, ಇಲ್ಲದಿದ್ದರೆ ರಾತ್ರಿ ಹಂದಿ ಎತ್ತಿ ಎಸೆಯುತ್ತೆ.

ಬಲ್ಬಿಗೆ ಕೋಳಿ ಫಾರಂ ಸಾಮಾನು ಮಾರುವ ಅಂಗಡಿಗೆ ಹೋಗು. ಮರಿಕೋಳಿಗೆ ಹಾಕುವ ಕೆಂಪು ಬಲ್ಬು ಸಿಗುತ್ತೆ, ನೂರೈವತ್ತು ವ್ಯಾಟಿನದು. ಅದು ಸಿಗದಿದ್ದರೆ ಹಳೇ ಕಾಲದ ತಂತಿ ಬಲ್ಬು, ನೂರರದ್ದು. ಹಾಸಿನಿಂದ ಒಂದೂವರೆಯಿಂದ ಎರಡಡಿ ಎತ್ತರಕ್ಕೆ, ಸರಪಳಿಯಲ್ಲಿ ನೇತುಹಾಕು. ಬರೀ ವೈರಿನಲ್ಲಿ ಬೇಡ. ಸುತ್ತ ತಂತಿ ಬುಟ್ಟಿ ಇರಲಿ. ಗೋಣಿಗೆ ತಾಗಿ ನಮ್ಮೂರಲ್ಲಿ ಒಬ್ಬರ ಶೆಡ್ಡೇ ಹತ್ತಿಕೊಂಡಿತ್ತು.

ನೆಲಕ್ಕೆ ದಪ್ಪ ಗೋಣಿಚೀಲ ಹಾಕಿ ಮೇಲೆ ಶೇಂಗಾ ಸಿಪ್ಪೆ ಒಂದು ಗೇಣು. ನಿಮ್ಮ ಕಡೆ ಸಿಪ್ಪೆಗೇನು ಬರ. ಒದ್ದೆ ಆದದ್ದನ್ನು ದಿನಾ ತೆಗಿ. ಉದ್ದ ಹುಲ್ಲು ಬೇಡ, ಮರಿ ಕಾಲಿಗೆ ಸುತ್ತಿಕೊಳ್ಳುತ್ತೆ.

ಬಿಸಿ ಸಾಕಾ ಅಂತ ಮರಿಗಳು ಮಲಗುವುದನ್ನು ನೋಡಿದರೆ ಗೊತ್ತಾಗುತ್ತೆ. ಒಂದರ ಮೇಲೊಂದು ರಾಶಿ ಬಿದ್ದಿದ್ದರೆ ಚಳಿ, ಬಲ್ಬು ಇಳಿಸು. ಬಲ್ಬು ಬಿಟ್ಟು ಅಂಚಿಗೆ ಹೋಗಿ ಏದುಸಿರು ಬಿಡುತ್ತಿದ್ದರೆ ಜಾಸ್ತಿ, ಏರಿಸು. ಪಕ್ಕಪಕ್ಕ ಕಾಲು ಚಾಚಿ ಮಲಗಿದ್ದರೆ ಬಿಡು.

ಕರೆಂಟ್ ಹೋಗೇ ಹೋಗುತ್ತೆ. ದೊಡ್ಡ ಪ್ಲಾಸ್ಟಿಕ್ ಬಾಟಲಿಗಳಿಗೆ ಬಿಸಿನೀರು ತುಂಬಿ ಗೋಣಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡು, ಎರಡು ಗಂಟೆಗೊಮ್ಮೆ ಬದಲಿಸು. ಕೆಂಡದ ಬಾಣಲೆ ಮಾತ್ರ ಬೇಡ, ಮುಚ್ಚಿದ ಪೆಟ್ಟಿಗೆಯಲ್ಲಿ ಹೊಗೆ ಕಟ್ಟಿ ಒಂದೂ ಉಳಿಯಲ್ಲ.

ಮೊದಲು ಮರಿಗಳಿಗೆ ಆ ಜಾಗ ಗೊತ್ತಿರಲ್ಲ. ಕುಡಿದು ಮುಗಿಸಿದ ತಕ್ಷಣ ಹಿಡಿದು ಪೆಟ್ಟಿಗೆಗೆ ಹಾಕು. ನಾಲ್ಕೈದು ಸಲ ಮಾಡಿದರೆ ತಾವೇ ಹೋಗುತ್ತವೆ. ಸುಮಾರು ಗಂಟೆಗೊಮ್ಮೆ ಕುಡಿಯಲು ಬರುತ್ತವೆ. ಪೆಟ್ಟಿಗೆಯಲ್ಲಿ ಕೂಡಿ ಹಾಕಿ ಮರೆಯಬೇಡ.

ಮೂಡಣ ಕಡೆಯ ಜಾಲರಿಗೆ ಗೋಣಿ ತಾಟು ಕಟ್ಟು, ಆದರೆ ಮೇಲೆ ಒಂದಡಿ ಬಿಡು. ಪೂರ್ತಿ ಮುಚ್ಚಿದರೆ ಗಂಜಲದ ಗಬ್ಬು ಒಳಗೇ ನಿಂತು ಮರಿ ಕೆಮ್ಮುತ್ತವೆ.

ಮಲೇಬೆನ್ನೂರು_ಗದ್ದೆ | 3:00

ನಮ್ಮಲ್ಲೂ ಮರಿ ಸತ್ತವು, ಆದರೆ ಮೂರು ವಾರಕ್ಕೆ. ಒಂಬತ್ತು ಮರಿ, ಎಲ್ಲ ಗುಂಡಗೆ ಇದ್ದವು. ಆಮೇಲೆ ಕಿವಿ ಬಿಳಿಚಿಕೊಂಡಿತು, ಮೂತಿ ಬಿಳಿ, ಓಡಿದರೆ ಏದುಸಿರು. ಚೆನ್ನಾಗಿ ಬೆಳೆದವೇ ದೊಪ್ಪನೆ ಬಿದ್ದು ಸತ್ತವು, ಎರಡು. ಬೆಚ್ಚಗೆ ಇಟ್ಟಿದ್ದೆ, ಬಲ್ಬು ಹಾಕಿದ್ದೆ. ಅದಕ್ಕೇ ಹೇಳುತ್ತೇನೆ, ಬರೀ ಬಲ್ಬಿನಿಂದ ಆಗಲ್ಲ.

ವೇದಾವತಿ_ಅಕ್ಕ | 3:20

ಅದು ಬೇರೆ ಕಥೆ ಅಣ್ಣಾ, ರಕ್ತ ಇಲ್ಲದೆ ಸತ್ತವು. ಹಂದಿ ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ. ಮಣ್ಣಿನಲ್ಲಿ ಉರುಳಾಡುವ ಮರಿಗೆ ಮಣ್ಣಿನಿಂದ ಸಿಗುತ್ತೆ, ಸಿಮೆಂಟಿನ ಮರಿಗೆ ಎಲ್ಲಿಂದ? ಬೇಗ ಬೆಳೆಯುವ ಮರಿಗೇ ಮೊದಲು ಕೊರತೆ ಬೀಳುತ್ತೆ, ಅದಕ್ಕೇ ಗುಂಡಗಿದ್ದವೇ ಹೋದವು. ಮೂರನೇ ನಾಲ್ಕನೇ ದಿನಕ್ಕೆ ಕಬ್ಬಿಣದ ಇಂಜೆಕ್ಷನ್, ಕತ್ತಿನ ಸ್ನಾಯುವಿಗೆ, ಇನ್ನೂರು ಮಿಲಿಗ್ರಾಂ. ಬಾಟಲಿಯಿಂದ ಬಾಟಲಿಗೆ ಸಾಂದ್ರತೆ ಬೇರೆ ಇರುತ್ತೆ, ಎಷ್ಟು ಎಂಎಲ್ ಅಂತ ಓದಿಕೊಂಡು ಹಾಕಿಸಿ.

ಜಗಳೂರು ತಮ್ಮಾ, ನಿನ್ನ ಆರಕ್ಕೂ ನಾಳೆ ಹಾಕಿಸು. ಅಲ್ಲಿಯವರೆಗೆ ಹಂದಿ ಓಡಾಡದ ಜಾಗದ ಒಳ್ಳೆ ಕೆಂಪು ಮಣ್ಣು ಒಂದು ಬುಟ್ಟಿ ತಂದು ಮೂಲೆಗೆ ಹಾಕು, ಮೂತಿ ಹಾಕಿ ಆಡುತ್ತವೆ.

ರಿಟೈರ್ಡ್_ಇನ್ಸ್‌ಪೆಕ್ಟ್ರು | 4:10

ಎಲ್ಲರೂ ಬಿಟ್ಟ ಒಂದು ವಿಷಯ. ಹೋಟೆಲ್ ಮುಸುರೆ. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಆಫ್ರಿಕನ್ ಹಂದಿ ಜ್ವರ ನಮ್ಮ ದೇಶದಲ್ಲಿ ಮೊದಲ ಬಾರಿ ಕಾಣಿಸಿತು. ಮನುಷ್ಯರಿಗೆ ಬರುವುದಿಲ್ಲ, ಆದರೆ ಹಂದಿಗೆ ಬಂದರೆ ದೊಡ್ಡಿ ಖಾಲಿ. ಔಷಧಿ ಇಲ್ಲ. ಆ ರೋಗಾಣು ಹಸಿ, ಅರೆಬೆಂದ ಹಂದಿ ಮಾಂಸದ ಚೂರಿನಲ್ಲೂ ಬದುಕಿರುತ್ತದೆ. ನಿಮ್ಮ ಹೋಟೆಲ್‌ನಲ್ಲಿ ಹಂದಿ ಮಾಂಸ ಮಾಡುತ್ತಾರೋ ಇಲ್ಲವೋ, ತೊಟ್ಟಿಗೆ ಯಾರು ಏನು ಹಾಕಿದರು ನಿಮಗೆ ಗೊತ್ತಿಲ್ಲ. ಹಂಡೆಯಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿಯೇ ಹಾಕಿ, ಕೋಲಿನಿಂದ ತಿರುವುತ್ತಾ ಇರಿ. ಪ್ಲಾಸ್ಟಿಕ್, ಟೂತ್‌ಪಿಕ್ ಆರಿಸಿ. ಬೇರೆ ದೊಡ್ಡಿಗೆ ಹೋಗಿ ಬಂದ ಚಪ್ಪಲಿಯಲ್ಲಿ ಒಳಗೆ ಹೋಗಬೇಡಿ.

ಈದು ಹಾಲು ಕೊಡುವ ಹಂದಿಗೆ ಬರೀ ಮುಸುರೆ, ಜೋಳದ ನುಚ್ಚಿನಲ್ಲಿ ಸತ್ವ ಸಾಲದು. ಅನ್ನ, ಸಾಂಬಾರು, ನೀರು. ಹೊಟ್ಟೆ ತುಂಬುತ್ತದೆ, ಹಾಲಾಗುವುದಿಲ್ಲ.

ಜಗಳೂರು_ಹುಡುಗ | ಸಂಜೆ 6:30

ಪೆಟ್ಟಿಗೆ ಆಯಿತು. ಮನೆಯ ಹಳೇ ಬಾಗಿಲು ಕತ್ತರಿಸಿದೆ. ಕೆಂಪು ಬಲ್ಬು ಪೇಟೆಯಲ್ಲಿ ಸಿಕ್ಕಿತು. ಥರ್ಮಾಮೀಟರ್ ಇಟ್ಟೆ, ತಾಯಿಗೆ ಮೂವತ್ತೊಂಬತ್ತು ಪಾಯಿಂಟ್ ಎರಡು. ಆರರಲ್ಲಿ ಒಂದು ಮಾತ್ರ ತಣ್ಣಗೆ ಇದೆ, ಬಾಯಿ ಒಳಗೆ ಬೆರಳಿಟ್ಟರೂ ತಣ್ಣಗೆ. ಹಾಲು ಹಿಂಡಿ ಕುಡಿಸಲಾ?

ವೇದಾವತಿ_ಅಕ್ಕ | 6:36

ತಡಿ, ಮೊದಲು ಕುಡಿಸಬೇಡ. ತಣ್ಣಗಾದ ಮರಿಗೆ ನುಂಗಲು ಆಗಲ್ಲ, ಹಾಲು ಶ್ವಾಸಕ್ಕೆ ಹೋಗುತ್ತೆ. ಬಕೆಟ್‌ನಲ್ಲಿ ಉಗುರುಬೆಚ್ಚಗಿಂತ ಸ್ವಲ್ಪ ಜಾಸ್ತಿ ಬಿಸಿ ನೀರು, ಮೊಣಕೈಗೆ ಹಿತ ಅನ್ನಿಸಬೇಕು. ತಲೆ ಮೇಲೆ ಹಿಡಿದು ಕತ್ತಿನವರೆಗೆ ಹತ್ತು ನಿಮಿಷ ಮುಳುಗಿಸು. ಒದೆಯಲು ಶುರು ಮಾಡುತ್ತೆ. ಬಟ್ಟೆಯಿಂದ ಚೆನ್ನಾಗಿ ಒರೆಸಿ ಬಲ್ಬಿನ ಕೆಳಗೆ ಇಡು. ಬಾಯಿ ಬಿಸಿಯಾಗಿ ಬೆರಳು ಚೀಪಿದರೆ ಆಗ ತಾಯಿ ಹಾಲು ಹಿಂಡಿ ಸೂಜಿ ತೆಗೆದ ಸಿರಿಂಜಿನಿಂದ ಹನಿಹನಿ ಬಿಡು. ಆಮೇಲೆ ಎದೆ ಕಡೆಯ ಮೊಲೆಗೆ ಹಚ್ಚು, ಮುಂದಿನ ಮೊಲೆಗಳಲ್ಲಿ ಹಾಲು ಜಾಸ್ತಿ.

ಜಗಳೂರು_ಹುಡುಗ | ಡಿಸೆಂಬರ್ 9, ಬೆಳಿಗ್ಗೆ 5:55

ಬದುಕಿದೆ! ಆರೂ ಇವೆ. ರಾತ್ರಿ ನಾಲ್ಕು ಸಲ ಎದ್ದೆ.

ಇನ್ನೊಂದು ಹಂದಿಯನ್ನು ಗಂಡಿಗೆ ಬಿಟ್ಟದ್ದು ಆಗಸ್ಟ್ 29. ಅದಕ್ಕೆ ಮೊದಲಿಂದಲೇ ಹೇಗೆ ತಯಾರಿ ಮಾಡಲಿ?

ವೇದಾವತಿ_ಅಕ್ಕ | 9:15

ಮೂರು ತಿಂಗಳು, ಮೂರು ವಾರ, ಮೂರು ದಿನ ಅಂತ ನಮ್ಮ ಲೆಕ್ಕ. ನೂರ ಹದಿನಾಲ್ಕು ದಿನ. ಆಗಸ್ಟ್ 29ಕ್ಕೆ ಕೂಡಿಸಿದರೆ ಡಿಸೆಂಬರ್ 21 ಬರುತ್ತೆ. ಎರಡು ದಿನ ಹಿಂದೆ ಮುಂದೆ.

ಅಷ್ಟರೊಳಗೆ ಗೋಡೆಗೆ ಕಂಬಿ ಹಾಕಿಸು. ಇದನ್ನು ತಪ್ಪಿಸಬೇಡ. ನಿನ್ನ ಮೊದಲ ಎರಡು ಮರಿ ಸತ್ತದ್ದು ಗೋಡೆಗೂ ಬೆನ್ನಿಗೂ ನಡುವೆ. ಹಂದಿ ಮಲಗುವಾಗ ಗೋಡೆಗೆ ಒರಗಿಕೊಂಡು ಜಾರುತ್ತೆ. ನೆಲದಿಂದ ಒಂಬತ್ತು ಹತ್ತು ಇಂಚು ಎತ್ತರಕ್ಕೆ, ಗೋಡೆಯಿಂದಲೂ ಅಷ್ಟೇ ದೂರಕ್ಕೆ, ಮೂರು ಕಡೆ ಎರಡು ಇಂಚಿನ ಜಿಐ ಪೈಪು. ಆ ಸಂದಿಯಲ್ಲಿ ಮರಿ ಬಚಾವಾಗುತ್ತೆ. ಪೈಪಿಗೆ ದುಡ್ಡಿಲ್ಲದಿದ್ದರೆ ಗಟ್ಟಿ ಸರ್ವೆ ಗಳವೂ ಆಗುತ್ತೆ, ಬಿಗಿಯಾಗಿರಬೇಕು. ನಿನ್ನ ನೈಸು ನೆಲವನ್ನು ಸ್ವಲ್ಪ ಗೀಚಿ ತರಿ ಮಾಡಿಸು. ಜಾರುವ ನೆಲದಲ್ಲಿ ಹಂದಿ ಮೆಲ್ಲಗೆ ಮಲಗಲ್ಲ, ಧಪ್ಪನೆ ಬೀಳುತ್ತೆ.

ಈಯುವುದಕ್ಕೆ ಒಂದು ವಾರ ಮುಂಚೆ ಮೈ ಸೋಪು ಹಾಕಿ ತೊಳೆದು, ತೊಳೆದು ಒಣಗಿಸಿದ ಶೆಡ್‌ಗೆ ಬಿಡು. ಕೊನೇ ಮೂರು ದಿನ ಮೇವು ಕಡಿಮೆ ಮಾಡಿ ಗೋಧಿ ಬೂಸಾ ಜಾಸ್ತಿ ಹಾಕು, ಮಲ ಕಟ್ಟಬಾರದು. ಮೊಲೆ ಹಿಂಡಿದರೆ ಹಾಲು ಚಿಮ್ಮಿದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಈಯುತ್ತೆ ಅಂತ ಇಟ್ಟುಕೋ. ಬಾಯಲ್ಲಿ ಹುಲ್ಲು ಗೋಣಿ ಎಳೆದಾಡಿ ಗೂಡು ಕಟ್ಟಲು ಶುರು ಮಾಡಿದರೆ ಇನ್ನೂ ಹತ್ತಿರ. ಅವತ್ತು ರಾತ್ರಿ ನಿದ್ದೆ ಇಲ್ಲ ಅಂದುಕೋ.

ಹುಟ್ಟಿದ ಹಾಗೇ ಮೂಗು ಬಾಯಿ ಒರೆಸು, ಮೈ ಒಣಗಿಸು, ಹೊಕ್ಕುಳ ಬಳ್ಳಿಗೆ ಅಯೋಡಿನ್ ಅದ್ದು. ಆಮೇಲೆ ನೇರ ಮೊಲೆಗೆ. ಗಿಣ್ಣದ ಹಾಲು ಮೊದಲ ಕೆಲವು ಗಂಟೆಯಲ್ಲೇ ಹೊಟ್ಟೆ ಸೇರಬೇಕು. ಒಂದು ದಿನ ಕಳೆದರೆ ಅದರ ರೋಗನಿರೋಧಕ ಶಕ್ತಿ ಕರುಳಿನಿಂದ ರಕ್ತಕ್ಕೆ ಹೋಗಲ್ಲ. ಹಂದಿಮರಿಗೆ ತಾಯಿ ಹೊಟ್ಟೆಯೊಳಗೆ ಇದ್ದಾಗ ಆ ಶಕ್ತಿ ಸ್ವಲ್ಪವೂ ಬರಲ್ಲ, ಗಿಣ್ಣವೇ ಎಲ್ಲ. ದೊಡ್ಡ ಮರಿಗಳೇ ಎಲ್ಲ ಕುಡಿದರೆ ಮೊದಲು ಕುಡಿದ ನಾಲ್ಕೈದನ್ನು ಒಂದು ಗಂಟೆ ಪೆಟ್ಟಿಗೆಯಲ್ಲಿ ಕೂಡು, ಸಣ್ಣವಕ್ಕೆ ಅವಕಾಶ ಸಿಗುತ್ತೆ.

ಮೇವಿಗೆ ಬರೋಣ. ಈದ ದಿನ ನೀರು, ಬೂಸಾ ಗಂಜಿ ಸಾಕು. ಮರುದಿನ ಒಂದು ಕೆಜಿ, ದಿನಾ ಅರ್ಧ ಅರ್ಧ ಕೆಜಿ ಏರಿಸುತ್ತಾ ಹೋಗು. ಹರಿಹರದ ಅಣ್ಣ ಹೇಳಿದ ಐದು ಕೆಜಿ ತಪ್ಪಲ್ಲ, ಹತ್ತು ಮರಿಯ ತಾಯಿಗೆ ಬೇಕೇ ಬೇಕು. ಆದರೆ ಮೊದಲ ದಿನವೇ ಅಲ್ಲ, ಒಂಬತ್ತನೇ ದಿನದ ಹೊತ್ತಿಗೆ. ಮೊದಲೇ ಸುರಿದರೆ ಮಲ ಕಟ್ಟಿ, ಕೆಚ್ಚಲು ಬಿಗಿದು ಜ್ವರ ಬರುತ್ತೆ. ನಾನು ನೂರು ಕೆಜಿಗೆ ಐವತ್ತು ಮೆಕ್ಕೆಜೋಳ ನುಚ್ಚು, ಇಪ್ಪತ್ತೈದು ಬೂಸಾ, ಹದಿನೈದು ಸೋಯಾ ಹಿಂಡಿ, ಏಳೂವರೆ ಶೇಂಗಾ ಹಿಂಡಿ, ಎರಡು ಖನಿಜ ಮಿಶ್ರಣ, ಅರ್ಧ ಉಪ್ಪು ಹಾಕುತ್ತೇನೆ. ಮುಸುರೆ ಕೊಡುವವರು ಉಪ್ಪು ಹಾಕಬೇಡಿ, ಅದರಲ್ಲೇ ಇರುತ್ತೆ. ಮುಗ್ಗಲು ವಾಸನೆಯ ಜೋಳ, ಹಿಂಡಿ ಗಬ್ಬದ ಹಂದಿಗೂ ಹಾಲಿನ ಹಂದಿಗೂ ಬೇಡವೇ ಬೇಡ.

ನೀರು ದಿನಕ್ಕೆ ಇಪ್ಪತ್ತೈದು ಮೂವತ್ತು ಲೀಟರ್. ಮೇವು ನೋಡುವವರು ನೀರು ನೋಡಲ್ಲ. ತೊಟ್ಟಿ ಖಾಲಿ ಇದ್ದರೆ ಮೊದಲು ಕಡಿಮೆಯಾಗುವುದು ಹಾಲು.

ಹೊಸಬ_ಚಳ್ಳಕೆರೆ | 11:00

ಅಕ್ಕಾ, ದೊಡ್ಡ ಫಾರಂಗಳಲ್ಲಿ ತಾಯಿ ತಿರುಗಲೂ ಆಗದ ಹಾಗೆ ಕಬ್ಬಿಣದ ಪಂಜರ ಇರುತ್ತಲ್ಲ, ಅದೇ ಮಾಡಿಸಿದರೆ ಮರಿ ಒತ್ತಲ್ಲ ಅಲ್ವಾ? ಇನ್ನೊಂದು, ಮರಿಯ ಚೂಪು ಹಲ್ಲು ಕತ್ತರಿಸಬೇಕಾ?

ವೇದಾವತಿ_ಅಕ್ಕ | 11:45

ಪಂಜರದಲ್ಲಿ ಒತ್ತಿ ಸಾಯುವುದು ಕಡಿಮೆ, ನಿಜ. ಆದರೆ ಎರಡು ಹಂದಿಗೆ ಅಷ್ಟು ದುಡ್ಡು ಹಾಕುವ ಬದಲು ಕಂಬಿ, ಪೆಟ್ಟಿಗೆ ಸಾಕು ಅಂತ ನನ್ನ ಲೆಕ್ಕ. ಚೊಚ್ಚಲು ಪಂಜರದಲ್ಲಿ ಗಾಬರಿಯಾಗಿ ಈಯುವುದೇ ತಡ ಆಗಿದ್ದು ನೋಡಿದ್ದೇನೆ. ಹಲ್ಲು ನಾನು ಕತ್ತರಿಸಲ್ಲ. ತಾಯಿ ಮೊಲೆಗೆ ಗಾಯ ಆದರೆ ಮಾತ್ರ ತುದಿ ಉಜ್ಜುತ್ತೇನೆ.

ರಿಟೈರ್ಡ್_ಇನ್ಸ್‌ಪೆಕ್ಟ್ರು | 12:10

ನಾನು ಒಪ್ಪುವುದಿಲ್ಲ. ಹತ್ತು ಮರಿ ಮೇಲಿದ್ದರೆ ಮೊದಲ ದಿನವೇ ಎಂಟೂ ಹಲ್ಲಿನ ತುದಿ ತೆಗೆಯುವುದು ಒಳ್ಳೆಯದು. ಮೊಲೆ ಗಾಯವಾದರೆ ತಾಯಿ ನೋವಿಗೆ ಎದ್ದೆದ್ದು ಮಲಗುತ್ತದೆ, ಆಗಲೇ ಮರಿ ಒತ್ತುವುದು.

ವೇದಾವತಿ_ಅಕ್ಕ | 12:18

ಒಸಡಿನ ಮಟ್ಟಕ್ಕೆ ಕತ್ತರಿಸಿ ಬಾಯಿ ಕೀವಾಗಿ ಮೊಲೆ ಬಿಟ್ಟ ಮರಿಗಳನ್ನು ನಾನು ಸಾಕಿದ್ದೇನೆ ಸರ್. ನಿಮ್ಮ ಕೈ ಪಳಗಿದೆ, ಎಲ್ಲರದ್ದಲ್ಲ.

ಜಗಳೂರು_ಹುಡುಗ | ಡಿಸೆಂಬರ್ 24, ರಾತ್ರಿ 8:40

ಇನ್ನೊಂದು ಹಂದಿ 20ನೇ ತಾರೀಖು ರಾತ್ರಿ ಈದಿತು. ಹತ್ತು, ಎಲ್ಲ ಜೀವಂತ. ಏಳನೆಯದು ಆದ ಮೇಲೆ ಮುಕ್ಕಾಲು ಗಂಟೆ ತಡವಾಯಿತು, ಎದೆ ಹೊಡೆದುಕೊಂಡಿತು. ಡಾಕ್ಟರಿಗೆ ಫೋನ್ ಮಾಡುವಷ್ಟರಲ್ಲಿ ಹಂದಿಯನ್ನು ಎಬ್ಬಿಸಿ ಇನ್ನೊಂದು ಮಗ್ಗುಲಿಗೆ ಮಲಗಿಸಿದೆ, ಹತ್ತು ನಿಮಿಷಕ್ಕೆ ಬಂತು. ಮಾಸೂ ಎರಡು ಗಂಟೆಯೊಳಗೆ ಬಿತ್ತು.

ಇವತ್ತಿಗೆ ಒಂಬತ್ತು ಇವೆ. ಒಂದು ಎರಡನೇ ರಾತ್ರಿ ಕರೆಂಟ್ ಹೋದಾಗ ಹೋಯಿತು. ಬಾಟಲಿ ಬದಲಿಸಲು ಏಳಲಿಲ್ಲ, ನನ್ನದೇ ತಪ್ಪು. ಹೊಟ್ಟೆ ಸೀಳಿ ನೋಡಿದೆ, ಹಾಲಿತ್ತು.

ಮೊದಲ ಹಂದಿಯ ಆರೂ ಚೆನ್ನಾಗಿವೆ, ನುಚ್ಚು ನೆಕ್ಕಲು ಶುರು ಮಾಡಿವೆ. ಆದರೆ ಅಕ್ಕಾ, ನೆಲ ಗೀಚಿಸಿದ ಮೇಲೆ ಹೊಸ ಮರಿಗಳ ಮುಂಗಾಲಿನ ಮಂಡಿ ಚರ್ಮ ತರಚಿದೆ. ಒಂದು ಕುಂಟುತ್ತಿದೆ, ಮಂಡಿ ಸ್ವಲ್ಪ ಊದಿದೆ.

ಹರಿಹರ_ರಸ್ತೆ | 8:55

ಅದಕ್ಕೇ ನಾನು ನೈಸು ನೆಲವೇ ಇಟ್ಟಿರೋದು.

ವೇದಾವತಿ_ಅಕ್ಕ | 9:10

ಸರಿಯಾಗಿ ಹೇಳಿದರು ಅಣ್ಣ, ಗೀಚುವುದು ಜಾಸ್ತಿ ಆಗಿರಬೇಕು. ಮೊಲೆ ಹತ್ತಿರ ಮರಿ ಮಂಡಿಯೂರುವ ಜಾಗಕ್ಕೆ ಸಿಪ್ಪೆ ದಪ್ಪ ಹಾಕು. ತರಚಿದ ಕಡೆ ಅಯೋಡಿನ್ ಹಚ್ಚು. ಕುಂಟುವುದನ್ನು ಮಾತ್ರ ಬಿಡಬೇಡ, ಗಾಯದಿಂದ ಸೋಂಕು ಕೀಲಿಗೆ ಇಳಿದರೆ ಕೀವು ತುಂಬುತ್ತೆ. ಮಂಡಿ ಬಿಸಿ ಇದೆಯಾ ನೋಡು. ಹೊಕ್ಕುಳೂ ಊದಿದೆಯಾ?

ಜಗಳೂರು_ಹುಡುಗ | 9:14

ಟಾರ್ಚ್ ತಗೊಂಡು ಹೋಗಿ ನೋಡಿ ಬರುತ್ತೇನೆ.